ಐನೂರು ಪ್ರತಿಗಳು ಯಾರ ಕೈಗೆ?

ತಂಗೀ,

ನಿನ್ನ ಹನ್ನೆರಡು ಕತೆಗಳ ಕರಡು ಓದಿ ಮುಗಿಸಿದೆ. ಕತೆಗಳ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹಾಳೆಯ ಅಂಚಿನಲ್ಲೇ ಬರೆದಿದ್ದೇನೆ. ಈ ಕಾಗದ ಬೇರೆ ವಿಷಯಕ್ಕೆ. ಸ್ವಂತ ಖರ್ಚಿನಲ್ಲಿ ಐನೂರು ಪ್ರತಿ ಹಾಕಿಸುತ್ತೇನೆ, ಬೆಂಗಳೂರಿನಲ್ಲಿ ದೊಡ್ಡದಾಗಿ ಬಿಡುಗಡೆ ಮಾಡಿಸುತ್ತೇನೆ ಎಂದು ಮೊನ್ನೆ ಹೇಳಿದೆ. ಆ ಪ್ರತಿಗಳು ಓದುವವರ ಕೈಗೆ ಹೋಗುವುದು ಹೇಗೆ ಎಂದು ಕೇಳಿದರೆ, "ಎಲ್ಲರಿಗೂ ತಿಳಿಸಿದರೆ ಆಯಿತಲ್ಲ" ಎಂದೆ. ತಿಳಿಸುವುದಕ್ಕೂ ತಲುಪಿಸುವುದಕ್ಕೂ ನಡುವೆ ತುಂಬ ದೂರವಿದೆ. ಕರಡು ತಿದ್ದುವ ಮತ್ತು ಪುಸ್ತಕ ಮಾರುವ ಕೆಲಸದಲ್ಲಿ ಕೂದಲು ಬೆಳ್ಳಗಾದವನಾಗಿ ಆ ದೂರದ ಬಗ್ಗೆಯೇ ನಿನಗೆ ನಾಲ್ಕು ಮಾತು ಹೇಳಬೇಕು.

ಮೊದಲು ಹಣದ ಲೆಕ್ಕ ನೋಡೋಣ. ಉಳಿದ ತೀರ್ಮಾನಗಳೆಲ್ಲ ಅದರ ಮೇಲೆ ನಿಂತಿವೆ. ನಿನ್ನ ಪುಸ್ತಕ ಡೆಮಿ ಅಷ್ಟಪತ್ರ ಅಳತೆಯಲ್ಲಿ 144 ಪುಟ, ಅಂದರೆ ಹದಿನಾರು ಪುಟದ ಒಂಬತ್ತು ಫಾರಂ. ಪುಟವಿನ್ಯಾಸ, ಮುಖಪುಟ, ಕಾಗದ, ಮುದ್ರಣ, ಬೈಂಡಿಂಗ್ ಎಲ್ಲ ಸೇರಿ ಪ್ರತಿಗೆ 80 ರೂಪಾಯಿ ಬಿತ್ತು, ಮುಖಬೆಲೆ 180 ಇಟ್ಟೆ ಎಂದುಕೊಳ್ಳೋಣ. ಐನೂರಕ್ಕೆ ನೀನು ಹಾಕುವ ಬಂಡವಾಳ 40,000. ಅಂಗಡಿಯವರು ನೂರಕ್ಕೆ 35ರಷ್ಟು ಕಮಿಷನ್ ಹಿಡಿದರೆ ನಿನಗೆ ಬರುವುದು ಪ್ರತಿಗೆ 117. ಅದೂ ಪುಸ್ತಕ ಮಾರಾಟವಾದ ಮೇಲೆ. ನೀನೇ ಅಂಚೆಯಲ್ಲಿ ಕಳಿಸುತ್ತೇನೆ, ಹತ್ತು ಪರ್ಸೆಂಟ್ ಬಿಡುತ್ತೇನೆ, ಅಂಚೆ ವೆಚ್ಚವನ್ನೂ ನಾನೇ ಹಾಕಿಕೊಳ್ಳುತ್ತೇನೆ ಎಂದರೆ 162ರಲ್ಲಿ ಲಕೋಟೆ, ಅಂಚೆ ಸೇರಿ 45 ಹೋಗಿ ಮತ್ತೆ 117 ಉಳಿಯುತ್ತದೆ. ಅಂಗಡಿಯವರು ಕಮಿಷನ್ ತಿನ್ನುತ್ತಾರೆ, ನಾನೇ ಮಾರಿದರೆ ಪೂರ್ತಿ ಹಣ ನನ್ನದು ಎಂದು ಹೊಸಬರು ನಂಬುತ್ತಾರೆ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ಅಂಗಡಿಯವರು ಆ 63 ರೂಪಾಯಿಗೆ ಜಾಗ ಕೊಡುತ್ತಾರೆ, ಬಿಲ್ಲು ಬರೆಯುತ್ತಾರೆ, ಗಿರಾಕಿ ಬಂದಾಗ ಪುಸ್ತಕ ತೆಗೆದು ತೋರಿಸುತ್ತಾರೆ. ನೀನೇ ಮಾರಿದರೆ ಆ ದುಡಿಮೆ ನಿನ್ನ ಮೈಮೇಲೆ ಬರುತ್ತದೆ.

ಬಿಡುಗಡೆಯ ದಿನ 20 ಪರ್ಸೆಂಟ್ ರಿಯಾಯಿತಿ ಕೊಟ್ಟರೂ ನಿನ್ನ ಕೈಗೆ 144 ಬರುತ್ತದೆ. ಅಂಚೆಯಿಲ್ಲ, ಕಮಿಷನ್ ಇಲ್ಲ, ಸಾಲವಿಲ್ಲ. ಆ ದಿನ 80 ಪ್ರತಿ ಹೋದರೆ 11,520. ಅತಿಥಿಗಳಿಗೆ, ವಿಮರ್ಶಕರಿಗೆ, ಪತ್ರಿಕೆಗಳಿಗೆ, ಮನೆಯವರಿಗೆ ಎಂದು 60 ಪ್ರತಿ ಗೌರವಪ್ರತಿಯಾಗಿ ಹೋಗುತ್ತದೆ. ಉಳಿದ 360 ಪ್ರತಿ 117ರಂತೆ ಕೊನೆಯದರವರೆಗೂ ಮಾರಾಟವಾದರೆ 42,120. ಎರಡೂ ಸೇರಿ 53,640. ಬಂಡವಾಳ ಕಳೆದರೆ ಉಳಿಯುವುದು 13,640. ಸಭಾಂಗಣದ ಬಾಡಿಗೆ, ಮೈಕು, ಉಪಾಹಾರ, ಅತಿಥಿಗಳ ಪ್ರಯಾಣ, ಶಾಲು, ಹಾರ, ಫ್ಲೆಕ್ಸ್ ಎಲ್ಲ ಇದರೊಳಗೇ ಆಗಬೇಕು. ಬಿಡುಗಡೆಗೆ 25,000 ಖರ್ಚು ಮಾಡಿದರೆ ಪುಸ್ತಕದ ಒಂದೂ ಪ್ರತಿ ಉಳಿಯದೆ ಮಾರಾಟವಾದರೂ ನಿನಗೆ ಹನ್ನೊಂದು ಸಾವಿರಕ್ಕೂ ಹೆಚ್ಚು ನಷ್ಟ. ನಷ್ಟವಾದರೂ ಪರವಾಗಿಲ್ಲ ಎನ್ನುವ ಹುರುಪು ನಿನ್ನಲ್ಲಿದೆ ಎಂದು ಬಲ್ಲೆ. ಆದರೆ ಎರಡನೇ ಪುಸ್ತಕಕ್ಕೆ ಬಂಡವಾಳ ಬರುವುದು ಮೊದಲನೆಯದರಿಂದ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕು, ತಪ್ಪಿಸಬೇಡ. ಆಯ್ಕೆಯಾಗುವ ಖಾತ್ರಿ ಯಾರಿಗೂ ಇಲ್ಲದಿರುವುದರಿಂದ ಆ ಹಣವನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆಯಿದೆ. ಅದರ ಪ್ರಕಟಣೆ ಯಾವಾಗ ಬರುತ್ತದೆ, ಹಸ್ತಪ್ರತಿ ಯಾವ ಹಂತದಲ್ಲಿರಬೇಕು ಎಂಬುದನ್ನು ಮುದ್ರಣಕ್ಕೆ ಕೊಡುವ ಮೊದಲೇ ವಿಚಾರಿಸಿಕೋ.

ಇನ್ನು ಪುಸ್ತಕ ಕೊಳ್ಳುವ ಮೊದಲೇ ಓದುಗರಿಗೆ ಮಾದರಿಯಾಗಿ ಕೊಡುವ ಕತೆಯ ವಿಷಯ. ಇದಕ್ಕೆ ಹೆಚ್ಚು ಹೊತ್ತು ಕೊಡು ಎಂದು ನನ್ನ ಒತ್ತಾಯ. ನಿನ್ನ ಹೆಸರು ಕೇಳದ ಓದುಗರಿಗೆ ನಿನ್ನ ಪುಸ್ತಕ ಕೊಳ್ಳಲು ಇರುವ ಒಂದೇ ಕಾರಣ, ನಿನ್ನ ಬರವಣಿಗೆಯ ಹತ್ತು ನಿಮಿಷದ ಓದು. ನಮ್ಮಲ್ಲಿ ಬಹಳ ಜನ ಆ ಜಾಗದಲ್ಲಿ ಹಿರಿಯರೊಬ್ಬರ ಮುನ್ನುಡಿಯ ತುಣುಕು ಹಾಕುತ್ತಾರೆ, ಇಲ್ಲವೇ ಬೆನ್ನುಡಿ ಹಾಕುತ್ತಾರೆ. ಮುನ್ನುಡಿ ಓದಿದವರಿಗೆ ಮುನ್ನುಡಿ ಬರೆದವರ ಧಾಟಿ ತಿಳಿಯುತ್ತದೆಯೇ ಹೊರತು ನಿನ್ನದಲ್ಲ. ಅದು ಪುಸ್ತಕದೊಳಗೆ ಇರಲಿ, ಮಾದರಿಗೆ ಬೇಡ.

ಕಾದಂಬರಿಯಾಗಿದ್ದರೆ ಮೊದಲ ಅಧ್ಯಾಯ ಕೊಡು ಎನ್ನುತ್ತಿದ್ದೆ. ನಡುವಿನ ರೋಚಕ ಭಾಗ ಕೊಟ್ಟರೆ ಓದುಗರಿಗೆ ಪಾತ್ರಗಳ ಪರಿಚಯವಿರುವುದಿಲ್ಲ, ಮುಂದೆ ಪುಸ್ತಕ ಓದುವಾಗ ಆ ಭಾಗದ ಬಿಗಿಯೂ ಸಡಿಲವಾಗಿರುತ್ತದೆ. ಕಥಾಸಂಕಲನಕ್ಕೆ ನಿಯಮ ಬೇರೆ. ಒಂದು ಕತೆಯನ್ನು ಪೂರ್ತಿ ಕೊಡು. ಅರ್ಧ ಕತೆ ಕೊಟ್ಟು "ಮುಂದೇನಾಯಿತು, ಪುಸ್ತಕದಲ್ಲಿ ಓದಿ" ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸಣ್ಣಕತೆಯ ಸತ್ವವೆಲ್ಲ ಅದರ ಮುಕ್ತಾಯದಲ್ಲಿ ಕೂಡಿ ಬರುತ್ತದೆ. ಮುಕ್ತಾಯ ಕಾಣದವರು ನಿನ್ನ ಕಲೆಯನ್ನು ಕಂಡಿಲ್ಲ.

ಯಾವ ಕತೆ? ಬಹುಮಾನ ಬಂದ ಏಳನೆಯ ಕತೆಯನ್ನೇ ಕೊಡುತ್ತೇನೆ ಎಂದು ನೀನು ಹೇಳಬಹುದು. ಆ ಕತೆ ಚೆನ್ನಾಗಿದೆ, ಅನುಮಾನವಿಲ್ಲ. ಆದರೆ ಹನ್ನೆರಡರಲ್ಲಿ ಹತ್ತು ಕತೆ ಶಿರಸಿ ಸೀಮೆಯ ಅಡಕೆ ತೋಟ, ಕೂಡುಮನೆ, ಮಳೆಗಾಲದ ಜಗಲಿಯಲ್ಲಿ ನಡೆಯುತ್ತವೆ. ಏಳನೆಯದು ಬೆಂಗಳೂರಿನ ಕಚೇರಿಯೊಂದರ ಕತೆ. ಅದನ್ನು ಓದಿ ಪುಸ್ತಕ ತರಿಸಿಕೊಂಡವರು ಅಂಥವೇ ಇನ್ನೂ ಹನ್ನೊಂದು ಇವೆ ಎಂದುಕೊಂಡಿರುತ್ತಾರೆ. ಅವು ಸಿಗದಿದ್ದಾಗ, ಸಿಕ್ಕ ಕತೆಗಳು ಎಷ್ಟೇ ಚೆನ್ನಾಗಿದ್ದರೂ, ಮೋಸಹೋದ ಭಾವ ಬರುತ್ತದೆ. ಇತ್ತ ತೋಟದ ಕತೆ ಮೆಚ್ಚುವ ಓದುಗರು ಆ ಮಾದರಿ ನೋಡಿ ಇದು ನಮಗಲ್ಲ ಎಂದು ಬಿಟ್ಟುಬಿಡುತ್ತಾರೆ. ಮೂರನೆಯ ಕತೆ ಕೊಡು. ಅಜ್ಜಿ ಪೆಟ್ಟಿಗೆಯ ಬೀಗದ ಕೈ ಬಚ್ಚಿಡುವ ಕತೆ. ಸುಮಾರು ಸಾವಿರದ ಎಂಟುನೂರು ಪದ, ಒಂದೇ ಕೂತಿನಲ್ಲಿ ಮುಗಿಯುತ್ತದೆ. ನಿನ್ನ ಊರಿನ ಮಾತು ಅದರಲ್ಲಿದೆ. ಪುಸ್ತಕದ ಒಟ್ಟು ದನಿ ಯಾವುದೋ ಅದೇ ಅದರ ದನಿ. ಮಾದರಿ ಎಂದರೆ ಅನ್ನದ ಒಂದು ಅಗುಳು ಹಿಸುಕಿ ನೋಡುವ ಹಾಗೆ. ಆ ಅಗುಳು ಪಾತ್ರೆಯೊಳಗಿನದೇ ಆಗಿರಬೇಕು.

ಆ ಕತೆಯನ್ನು ಜನರಿಗೆ ಕೊಡುವಾಗ ಅಕ್ಷರದ ತೊಡಕು ಒಂದಿದೆ, ಅದನ್ನು ಸರಿಯಾಗಿ ತಿಳಿದುಕೋ. ಪುಟವಿನ್ಯಾಸ ಮಾಡುವವರಲ್ಲಿ ಇನ್ನೂ ಹಲವರು ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿ ಕೆಲಸ ಮಾಡುತ್ತಾರೆ. ಆ ಕಡತದಲ್ಲಿ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲೆ ಕನ್ನಡದ ರೂಪ ತೊಡಿಸಿರುತ್ತಾರೆ. ಅದರಿಂದ ಕತೆಯನ್ನು ನಕಲು ಮಾಡಿ ಫೋನಿನಲ್ಲಿ ಅಂಟಿಸಿದರೆ ಅರ್ಥವಿಲ್ಲದ ಗುರುತುಗಳ ಸಾಲು ಬರುತ್ತದೆ. ಆದ್ದರಿಂದ ಪುಸ್ತಕದ ಪುಟಗಳ ಚಿತ್ರ ತೆಗೆದೋ, ಪಿಡಿಎಫ್ ಮಾಡಿಯೋ ಕಳಿಸುತ್ತಾರೆ. ಡೆಮಿ ಪುಟ ಫೋನಿನ ಪರದೆಯಲ್ಲಿ ಕುಗ್ಗಿ ಕೂತಿರುತ್ತದೆ. ಓದುವವರು ಬೆರಳಿನಿಂದ ಹಿಗ್ಗಿಸುತ್ತ, ಸಾಲಿನ ಕೊನೆಗೆ ಸರಿಸುತ್ತ ಎರಡನೇ ಪುಟಕ್ಕೆ ಬಿಟ್ಟುಬಿಡುತ್ತಾರೆ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕಂತೂ ಆ ಚಿತ್ರದಲ್ಲಿ ಒಂದಕ್ಷರವೂ ಸಿಗುವುದಿಲ್ಲ.

ಹಾಗಾಗಿ ಕತೆಯನ್ನು ಯೂನಿಕೋಡಿಗೆ ಬದಲಾಯಿಸಿಕೋ. ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಬದಲಾಯಿಸಿದ ಮೇಲೆ ಒಂದೊಂದು ಸಾಲನ್ನೂ ಕಣ್ಣಿಟ್ಟು ಓದಬೇಕು. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ, ಒತ್ತಕ್ಷರ ಬಿಟ್ಟುಹೋಗಿರುತ್ತದೆ, ಉದ್ಧರಣ ಚಿಹ್ನೆಗಳು ಬೇರೇನೋ ಆಗಿರುತ್ತವೆ. ಎಲ್ಲಕ್ಕಿಂತ ಮೋಸದ್ದು ಅನುಸ್ವಾರ. ಅದರ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಕೂತಿದ್ದರೆ ಕಣ್ಣಿಗೆ ಹೆಚ್ಚೂಕಡಿಮೆ ಒಂದೇ ಥರ ಕಾಣುತ್ತದೆ, ಯಂತ್ರಕ್ಕೆ ಮಾತ್ರ ಅವೆರಡೂ ಬೇರೆ ಬೇರೆ. ನಿನ್ನ ಪುಸ್ತಕದ ಹೆಸರಿನಲ್ಲೇ ಅನುಸ್ವಾರವಿದೆ. ಅಲ್ಲಿ ಸೊನ್ನೆ ಸೇರಿಕೊಂಡರೆ ಸರಿಯಾಗಿ ಬರೆದು ಹುಡುಕಿದವರಿಗೆ ಪುಸ್ತಕ ಸಿಗದೇ ಹೋಗಬಹುದು. ಇದನ್ನು ಕಂಡುಹಿಡಿಯಲು ಸುಲಭದ ದಾರಿಯಿದೆ. ಪುಸ್ತಕದ ಬಗ್ಗೆ ನೀನು ಹಾಕಿದ ಪ್ರಕಟಣೆಯಲ್ಲಿರುವ ಹೆಸರನ್ನು ನಕಲು ಮಾಡಬೇಡ. ಬೇರೊಬ್ಬರ ಫೋನಿನಲ್ಲಿ ಹೆಸರನ್ನು ಹೊಸದಾಗಿ ಟೈಪಿಸಿ ಹುಡುಕು. ಸಿಕ್ಕಿದರೆ ಸರಿಯಿದೆ.

ಕತೆಯ ಕೊನೆಯ ಸಾಲಿನ ಕೆಳಗೇ ಪುಸ್ತಕದ ಹೆಸರು, ಪುಟ, ಬೆಲೆ, ಎಲ್ಲಿ ಸಿಗುತ್ತದೆ ಎಂಬುದು ಇರಬೇಕು. ಕತೆ ಮುಗಿಸಿದ ಆ ಗಳಿಗೆಯಲ್ಲೇ ಮನಸ್ಸು ಪುಸ್ತಕ ಬೇಕೆನ್ನುತ್ತದೆ. ಅರ್ಧ ಗಂಟೆ ಕಳೆದರೆ ಇನ್ನೊಂದು ಕೆಲಸ ಬಂದು ಆ ಆಸೆ ಕರಗುತ್ತದೆ. ಮೇಲಿಂದ ಕೆಳಗೆ ಹುಡುಕಿಸಬೇಡ, "ಬೇಕಾದವರು ಇನ್‌ಬಾಕ್ಸಿಗೆ ಬನ್ನಿ" ಎಂದು ಬರೆಯಬೇಡ. ಬೆಲೆ ಕೇಳಲು ಸಂಕೋಚಪಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಂಥವರು ಕೇಳುವುದೂ ಇಲ್ಲ, ಕೊಳ್ಳುವುದೂ ಇಲ್ಲ.

ಕೊಳ್ಳುವ ದಾರಿ ಎಷ್ಟಿರಬೇಕು? ಮೂರು ಸಾಕು. ಕನ್ನಡ ಪುಸ್ತಕಗಳನ್ನೇ ಮಾರುವ ಒಂದು ಒಳ್ಳೆಯ ಅಂಗಡಿ, ಅಂಚೆಯಲ್ಲೂ ಕಳಿಸುವಂಥದ್ದು. ಊರಲ್ಲದ ಊರಿನವರಿಗೆ ಒಂದು ಆನ್‌ಲೈನ್ ಮಳಿಗೆ. ಮೂರನೆಯದು ನೀನೇ. ಹತ್ತು ಕೊಂಡಿಗಳನ್ನು ಒಂದರ ಕೆಳಗೊಂದು ಹಾಕಿದರೆ ಆಯ್ಕೆಯಲ್ಲೇ ಓದುಗರು ಸುಸ್ತಾಗುತ್ತಾರೆ. ಐನೂರು ಪ್ರತಿಯನ್ನು ಹತ್ತು ಕಡೆ ಹಂಚಿದರೆ ಎಲ್ಲೂ ಸಾಕಷ್ಟು ಇರುವುದಿಲ್ಲ. ಮೊದಲ ಪುಸ್ತಕಗಳಿಗೆ ನಾನು ಹೆಚ್ಚು ಕಂಡಿರುವ ಕಷ್ಟ ಇದೇ. ಮಳಿಗೆಯವರಿಗೆ ಹತ್ತು ಪ್ರತಿ ಕೊಟ್ಟಿರುತ್ತಾರೆ, ಮೊದಲ ವಾರವೇ ಖಾಲಿಯಾಗಿ "ಸ್ಟಾಕ್ ಇಲ್ಲ" ಎಂದು ಬರುತ್ತದೆ. ಲೇಖಕರ ಮನೆಯ ಮಂಚದಡಿ ಮುನ್ನೂರು ಪ್ರತಿ ಕಟ್ಟು ಬಿಚ್ಚದೆ ಕೂತಿರುತ್ತವೆ. ಪ್ರತಿ ಸೋಮವಾರ ಮೂರೂ ದಾರಿ ತೆರೆದಿದೆಯೇ ಎಂದು ನೋಡು. ಒಮ್ಮೆ ನಿನ್ನ ಗೆಳತಿಯ ಫೋನಿನಿಂದ ದುಡ್ಡು ಕೊಟ್ಟು ಒಂದು ಪ್ರತಿ ತರಿಸಿ ನೋಡು. ಎಷ್ಟು ದಿನಕ್ಕೆ ಬಂತು, ಮೂಲೆ ಮಡಚಿತ್ತೇ, ಸರಿಯಾದ ಪುಸ್ತಕವೇ ಬಂತೇ ಎಂಬುದೆಲ್ಲ ಆಗ ಗೊತ್ತಾಗುತ್ತದೆ.

ಸರಿಯಾದ ಪುಸ್ತಕವೇ ಎಂದು ಸುಮ್ಮನೆ ಹೇಳಲಿಲ್ಲ. ಮಳಿಗೆಗಳು ಪುಸ್ತಕವನ್ನು ಗುರುತಿಸುವುದು ಹದಿಮೂರು ಅಂಕಿಯ ಐಎಸ್‌ಬಿಎನ್‌ನಿಂದ. ನಮ್ಮ ದೇಶದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಹಣ ಕೇಳುವ ಮಧ್ಯವರ್ತಿಗಳಿಗೆ ಕೊಡಬೇಡ. ಮುದ್ರಣಕ್ಕೆ ಮುಂಚೆಯೇ ಅರ್ಜಿ ಹಾಕು, ಬರಲು ಸಮಯ ಹಿಡಿಯುತ್ತದೆ. ಸಂಖ್ಯೆ ಬಂದ ಮೇಲೆ ಹಕ್ಕುಪುಟದಲ್ಲೂ ಹಿಂಬದಿಯ ಬಾರ್‌ಕೋಡಿನಲ್ಲೂ ಒಂದೇ ಇದೆಯೇ ಎಂದು ಅಂಕಿ ಅಂಕಿ ತಾಳೆ ನೋಡು. ಅದರ ಕೊನೆಯ ಅಂಕಿ ಉಳಿದ ಹನ್ನೆರಡರಿಂದ ಲೆಕ್ಕಹಾಕಿ ಬರುವಂಥದ್ದು. ಒಂದು ಅಂಕಿ ತಪ್ಪಿದರೂ ತಾಳೆಯಾಗುವುದಿಲ್ಲ, ಮಳಿಗೆಯವರ ಯಂತ್ರ ಅದನ್ನು ಒಪ್ಪುವುದಿಲ್ಲ. ಆಗ ಐನೂರು ಪ್ರತಿಗೂ ಚೀಟಿ ಅಂಟಿಸುವ ಕೆಲಸ ಬೀಳುತ್ತದೆ. ಇ-ಪುಸ್ತಕ ತರುವುದಾದರೆ ಅದಕ್ಕೆ ಬೇರೆ ಸಂಖ್ಯೆ ಬೇಕು. ಇ-ಪುಸ್ತಕ ತರುವುದು ಒಳ್ಳೆಯದೇ. ನಿನ್ನ ಸೋದರತ್ತೆ ಇರುವ ಅಮೆರಿಕಕ್ಕೆ ಒಂದು ಪ್ರತಿ ಕಳಿಸುವ ಅಂಚೆ ವೆಚ್ಚ ಪುಸ್ತಕದ ಬೆಲೆಯನ್ನು ಮೀರುತ್ತದೆ. ಅಲ್ಲಿಯ ಕನ್ನಡಿಗರಿಗೆ ಫೋನಿನಲ್ಲಿ ಓದುವುದೇ ಅನುಕೂಲ.

ಅಂಚೆಯ ಬಗ್ಗೆ ಒಂದು ಮಾತು. ಹಿಂದೆ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಎಂಬ ಅಗ್ಗದ ಸೌಲಭ್ಯವಿತ್ತು. ಸಣ್ಣ ಪ್ರಕಾಶಕರು ಉಸಿರಾಡಿದ್ದೇ ಅದರಿಂದ. 2024ರ ಡಿಸೆಂಬರಿನಲ್ಲಿ ಅದು ನಿಂತಿತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ನಿನ್ನ 144 ಪುಟದ ಪುಸ್ತಕ ಲಕೋಟೆ ಸೇರಿ ಅದರೊಳಗೇ ಬರುತ್ತದೆ. ಆದರೆ ಯಾವ ಬಗೆಯ ಪುಸ್ತಕಕ್ಕೆ ಅದು ಅನ್ವಯಿಸುತ್ತದೆ ಎಂಬುದಕ್ಕೆ ಷರತ್ತುಗಳಿವೆ, ನೆಲಮಾರ್ಗದಲ್ಲಿ ಹೋಗುವುದರಿಂದ ನಿಧಾನ. ಒಂದು ಪ್ರತಿ ಕೈಯಲ್ಲಿ ಹಿಡಿದು ನಿಮ್ಮೂರ ಅಂಚೆ ಕಚೇರಿಗೆ ಹೋಗಿ, ಪೋಸ್ಟ್‌ಮಾಸ್ಟರರನ್ನು ಕೇಳಿ, ಆಮೇಲೆ ಅಂಚೆ ವೆಚ್ಚದ ಮಾತು ಕೊಡು.

ಪ್ರಕಟಣೆಗೆ ಮುಂಚೆ ಮುಂಗಡ ಬೇಡಿಕೆ ಪಡೆಯುವುದರಲ್ಲಿ ನಾಚಿಕೆಯೇನಿಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ನಡೆದದ್ದೇ ಚಂದಾದಾರರ ಬಲದಿಂದ. ಅದಕ್ಕೂ ಮೊದಲು ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಓದುಗರಿಂದ ಹಣ ಪಡೆದ ಮೇಲೆ ಹೇಳಿದ ದಿನ ಪುಸ್ತಕ ತಲುಪಬೇಕು, ಅಷ್ಟೇ. ಮುದ್ರಕರು ಕೊನೆಯ ಕರಡಿಗೆ ನಿನ್ನ ಒಪ್ಪಿಗೆ ಪಡೆಯುವವರೆಗೆ ಯಾರಿಗೂ ದಿನಾಂಕ ಹೇಳಬೇಡ. ಒಪ್ಪಿಗೆಯಾದ ಮೇಲೂ ಬೈಂಡಿಂಗಿಗೆಂದು ಅವರು ಹೇಳಿದ ದಿನದ ಮೇಲೆ ಇನ್ನೊಂದು ವಾರ ಸೇರಿಸಿಕೋ.

ಬಿಡುಗಡೆಗೆ ಬರೋಣ. ಭಾನುವಾರ ಬೆಳಿಗ್ಗೆ ಹತ್ತೂವರೆ, ಬಸವನಗುಡಿಯ ವಾಡಿಯಾ ಸಭಾಂಗಣವೋ ಜೆ.ಸಿ. ರಸ್ತೆಯ ನಯನ ಸಭಾಂಗಣವೋ, ವೇದಿಕೆಯಲ್ಲಿ ಏಳು ಜನ: ಇದು ನಿನ್ನ ಮನಸ್ಸಿನಲ್ಲಿರುವ ಚಿತ್ರ. ಆ ಸಭೆ ಹೇಗೆ ನಡೆಯುತ್ತದೆ ನೋಡು. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ, ಒಬ್ಬೊಬ್ಬರಿಗೂ ಶಾಲು. ಬಣ್ಣದ ಕಾಗದ ಬಿಚ್ಚಿ ಎಲ್ಲರೂ ಪುಸ್ತಕ ಎದೆಗೆ ಹಿಡಿದು ಫೋಟೋ. ಇಬ್ಬರು ಅತಿಥಿಗಳು ಕನ್ನಡದ ಇಂದಿನ ಸ್ಥಿತಿಯ ಬಗ್ಗೆ ಮಾತಾಡುತ್ತಾರೆ, ಪುಸ್ತಕ ಓದಿರುವುದಿಲ್ಲ. ಒಂದು ಗಂಟೆಯ ಹೊತ್ತಿಗೆ ಲೇಖಕಿಯ ಮಾತು. ಅಷ್ಟರಲ್ಲಿ ಹಿಂದಿನ ಸಾಲುಗಳು ಖಾಲಿ. ಕೊನೆಗೆ ವಂದನಾರ್ಪಣೆ. ಎರಡೂವರೆ ಗಂಟೆಯಲ್ಲಿ ನಿನ್ನ ಕತೆಯ ಒಂದು ವಾಕ್ಯವೂ ಆ ಸಭಾಂಗಣದಲ್ಲಿ ಕೇಳಿಸುವುದಿಲ್ಲ.

ನೀನು ಹೀಗೆ ಮಾಡು. ವೇದಿಕೆಯ ಮೇಲೆ ಮೂವರೇ ಇರಲಿ. ಪುಸ್ತಕದ ಬಗ್ಗೆ ಮಾತಾಡುವವರು ಒಬ್ಬರೇ ಸಾಕು, ಅವರಿಗೆ ಮೂರು ವಾರ ಮುಂಚೆ ಕೊನೆಯ ಕರಡಿನ ಪ್ರತಿ ತಲುಪಿರಬೇಕು. ಹೆಸರು ದೊಡ್ಡದಾಗಿರಬೇಕು ಎಂದು ಹಟ ಹಿಡಿಯಬೇಡ. ಓದಿ ಬರುವವರು ಬೇಕು. ಬಿಡುಗಡೆಯಾದ ಕೂಡಲೇ, ಭಾಷಣಗಳಿಗೆ ಮೊದಲು, ನೀನು ಎದ್ದು ಎಂಟು ನಿಮಿಷ ಓದು. ಈಗಾಗಲೇ ಮಾದರಿಯಾಗಿ ಕೊಟ್ಟ ಕತೆಯನ್ನಲ್ಲ, ಬೇರೊಂದರ ಆರಂಭ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ಅಭ್ಯಾಸ ಮಾಡು. ಒಂದೂವರೆ ಗಂಟೆಯಲ್ಲಿ ಸಭೆ ಮುಗಿಯಲಿ.

ಪುಸ್ತಕದ ಮೇಜು ಬಾಗಿಲ ಪಕ್ಕದಲ್ಲಿರಬೇಕು, ಉಪಾಹಾರದ ಕಡೆಯಲ್ಲಲ್ಲ. ಅಲ್ಲಿ ಕೂರಲು ಇಬ್ಬರನ್ನು ಮೊದಲೇ ಗೊತ್ತುಮಾಡು. ಒಬ್ಬರು ಹಣ ತೆಗೆದುಕೊಳ್ಳಲು, ಇನ್ನೊಬ್ಬರು ಪುಸ್ತಕ ಕೊಡಲು. ಯುಪಿಐ ಸಂಕೇತವನ್ನು ಎರಡು ಹಾಳೆಯಲ್ಲಿ ದೊಡ್ಡದಾಗಿ ಮುದ್ರಿಸಿಡು, ಚಿಲ್ಲರೆಯೂ ಇರಲಿ. 180ರ ಪುಸ್ತಕವನ್ನು ಅಂದು 144ಕ್ಕೆ ಕೊಡುವುದಕ್ಕಿಂತ 150 ಎಂದು ಇಡುವುದು ಲೇಸು. ಚಿಲ್ಲರೆಯ ತಾಪತ್ರಯ ಕಡಿಮೆ, ಪ್ರತಿಗೆ ಆರು ರೂಪಾಯಿ ಹೆಚ್ಚು. ಸಭೆ ಮುಗಿದ ಮೇಲೆ ನೀನು ಆ ಮೇಜಿನ ಬಳಿಯೇ ನಿಂತು ಹಸ್ತಾಕ್ಷರ ಹಾಕು. ಕೊಳ್ಳುವವರ ಹೆಸರನ್ನು ಕೇಳಿ, ಕಾಗುಣಿತ ಕೇಳಿ, ಬರೆದುಕೊಡು.

ಬೆಂಗಳೂರಿನ ಸಭೆ ಚಿಕ್ಕದಾದರೆ ಉಳಿದ ಹಣದಲ್ಲಿ ಇನ್ನೆರಡು ಕಡೆ ಹೋಗಬಹುದು. ಒಂದು ಶಿರಸಿಯಲ್ಲೇ ಆಗಲಿ. ನಿನ್ನ ಕತೆಯ ಜನ ಇರುವ ಊರಿನಲ್ಲಿ ಪುಸ್ತಕ ಸಿಗದಿದ್ದರೆ ನನಗಂತೂ ಬೇಸರವಾಗುತ್ತದೆ. ಇನ್ನೊಂದು ಯಾವುದಾದರೂ ಕಾಲೇಜಿನ ಕನ್ನಡ ವಿಭಾಗದಲ್ಲೋ, ತಿಂಗಳಿಗೊಮ್ಮೆ ಸೇರುವ ಓದುಗರ ಬಳಗದಲ್ಲೋ. ಬಳಗದಲ್ಲಿ ಹದಿನೈದೇ ಜನ ಇರಬಹುದು, ಆದರೆ ಅವರು ಪುಸ್ತಕ ಓದಿಕೊಂಡು ಬಂದು ನಿನ್ನನ್ನು ಪ್ರಶ್ನೆ ಕೇಳುತ್ತಾರೆ. ನಿನ್ನ ಎರಡನೆಯ ಪುಸ್ತಕಕ್ಕೆ ಮೊದಲು ಕಾಯುವವರು ಅವರೇ. ಪ್ರಕಟಣೆಯಲ್ಲಿ ಪ್ರತಿ ಸಭೆಯ ದಿನಾಂಕ, ವಾರ, ಸಮಯ, ಹತ್ತಿರದ ಬಸ್ ನಿಲ್ದಾಣ ಬರೆ. ಸಭೆ ಮುಗಿದ ಮರುದಿನವೇ ಆ ಸಾಲನ್ನು ತೆಗೆದು ಮುಂದಿನದನ್ನು ಹಾಕು. ಕಳೆದ ತಿಂಗಳ ದಿನಾಂಕವನ್ನು ಕಂಡವರು ಪುಸ್ತಕವೂ ಹಳೆಯದಾಯಿತು, ಈಗ ಸಿಗಲಿಕ್ಕಿಲ್ಲ ಎಂದು ಮುಂದೆ ಹೋಗುತ್ತಾರೆ.

ಗೌರವಪ್ರತಿಯ ಅರವತ್ತರಲ್ಲಿ ನಾಲ್ಕು ನಿನ್ನದಲ್ಲ ಎಂದು ಈಗಲೇ ಬರೆದಿಟ್ಟುಕೋ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟಣೆಯಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಯ ಗೊತ್ತಾದ ಗ್ರಂಥಾಲಯಗಳಿಗೂ ಪ್ರಕಾಶಕರು ಒಂದೊಂದು ಪ್ರತಿ ಕಳಿಸಬೇಕು. ಇಲ್ಲಿ ಪ್ರಕಾಶಕಿ ನೀನೇ. ಉಳಿದ ಐವತ್ತಾರಕ್ಕೆ ಹೆಸರಿನ ಪಟ್ಟಿ ಮಾಡಿ ನನಗೆ ಕಳಿಸು. ಓದುತ್ತಾರೆ ಎಂದು ನಿನಗೆ ಖಾತ್ರಿಯಿರುವವರ ಹೆಸರಷ್ಟೇ ಅದರಲ್ಲಿರಲಿ. ನನ್ನ ಹೆಸರು ಸೇರಿಸಬೇಡ, ನಾನು ಬಾಗಿಲ ಪಕ್ಕದ ಮೇಜಿನಲ್ಲಿ 150 ಕೊಟ್ಟು ಕೊಳ್ಳುತ್ತೇನೆ.